ಸಹಾಯ ಬೇಕು: ಕನ್ನಡ ಓಸಿಆರ್ ತಪ್ಪನ್ನು ಹೇಗೆ ಎಣಿಸೋದು?

ನಮಸ್ಕಾರ್ರಿ. ಕಲಬುರಗಿಯಲ್ಲಿ ನಮ್ಮ ಓಣಿಯ ವಾಚನಾಲಯದ ಹಳೆ ಪುಸ್ತಕಗಳನ್ನು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ ಟೆಸರಾಕ್ಟ್‌ಗೆ ಕೊಡುತ್ತಿದ್ದೇನೆ.

```
tesseract puta.png puta -l kan --psm 6
```

ಬಿಡಿ ಅಕ್ಷರಗಳು ಚೆನ್ನಾಗಿಯೇ ಬರುತ್ತವೆ. ಒತ್ತಕ್ಷರದ್ದೇ ಕಾಟ. ಮಸಿ ಮಾಸಿದ ಕಡೆ ಕೆಳಗಿನ ಒತ್ತು ಬಿಟ್ಟುಹೋಗುತ್ತದೆ. ಪುಟದ ಓರೆ ಸರಿ ಮಾಡಿದೆ, ಕಪ್ಪುಬಿಳುಪು ಮಾಡಿಯೂ ನೋಡಿದೆ. ಜಾಸ್ತಿ ಫರಕು ಬೀಳಲಿಲ್ಲ.

ನನ್ನ ಗೊಂದಲ ಎಣಿಕೆಯದು. ಕೈಯಿಂದ ಟೈಪ್ ಮಾಡಿದ ಪ್ರತಿಯ ಜೊತೆ ಹೋಲಿಸುತ್ತೇನೆ. ಮೊದಲು ಎರಡನ್ನೂ ಎನ್‌ಎಫ್‌ಸಿ ಎಂಬ ಒಂದೇ ಯೂನಿಕೋಡ್ ರೂಪಕ್ಕೆ ತರುತ್ತೇನೆ, ಇಲ್ಲದಿದ್ದರೆ ಕಣ್ಣಿಗೆ ಒಂದೇ ಕಾಣುವ ‘ಕೋ’ ಕೂಡ ಸುಮ್ನೆ ತಪ್ಪಾಗಿ ಬೀಳಬಹುದು. ಈಗ ‘ಕ್ಷೇತ್ರ’ ಹೋಗಿ ‘ಕ್ಷೇತ’ ಆಯಿತು ಅನ್ನಿ. ಯೂನಿಕೋಡ್ ಲೆಕ್ಕದಲ್ಲಿ 7ರಲ್ಲಿ 2 ತಪ್ಪು. ಓದುವ ಅಕ್ಷರದ ಲೆಕ್ಕದಲ್ಲಿ 2ರಲ್ಲಿ 1. ಪದದ ಲೆಕ್ಕದಲ್ಲಿ ಪೂರ್ತಿ ತಪ್ಪು.

ಪುಟವನ್ನು ತಿದ್ದುವುದಾ, ಹೊಸದಾಗಿ ಟೈಪ್ ಮಾಡುವುದಾ ಎಂದು ತೀರ್ಮಾನಿಸಲು ಇವುಗಳಲ್ಲಿ ಯಾವ ಲೆಕ್ಕ ಹಿಡಿಯಬೇಕು? ಎಷ್ಟು ತಪ್ಪು ದಾಟಿದರೆ ನೀವು ತಿದ್ದುವುದನ್ನು ಕೈಬಿಡುತ್ತೀರಿ?