41 ದಿನಗಳ ಬಳಿಕ 500 ಬುಷ್ ತಿರಸ್ಕಾರ: ಇಂಗ್ಲಿಷ್ ಪಿ.ಓ. ಹಿಂಬದಿಯ ಷರತ್ತುಗಳ ಅರ್ಥವೇನು?

ಉದ್ಯಮಬಾಗ_ಲೇತ್

ಎಲ್ಲರಿಗೂ ನಮಸ್ಕಾರ. ಬೆಳಗಾವಿಯಲ್ಲಿ ನಮ್ಮದು ನಾಲ್ಕು ಯಂತ್ರಗಳ ಚಿಕ್ಕ ಟರ್ನಿಂಗ್ ಶಾಪ್. ಹೈಡ್ರಾಲಿಕ್ ಸಿಲಿಂಡರ್ ತಯಾರಿಸುವ ಹೊರರಾಜ್ಯದ ಕಂಪನಿಯೊಂದಕ್ಕೆ 500 ಉಕ್ಕಿನ ಬುಷ್ ಮಾಡಿಕೊಟ್ಟೆವು. ಬುಷ್ ಎಂದರೆ ನಡುವೆ ರಂಧ್ರ ಕೊರೆದ ಕೊಳವೆಯಂತಹ ಬಿಡಿಭಾಗ. ಒಂದಕ್ಕೆ 640 ರೂಪಾಯಿಯಂತೆ, ತೆರಿಗೆ ಬಿಟ್ಟು 3,20,000 ರೂಪಾಯಿ. ಜೂನ್ 3ರಂದು ಮಾಲು ಅವರ ಗೇಟು ದಾಟಿತು, ಚಲನ್ ಮೇಲೆ ಮೊಹರು ಇದೆ.

ಜುಲೈ 14ರಂದು ಮೇಲ್ ಬಂತು: 50 ಬುಷ್ ಅಳೆದೆವು, ಎರಡರ ಬೋರ್, ಅಂದರೆ ಒಳರಂಧ್ರ, ದೊಡ್ಡದಾಗಿದೆ, ಪೂರ್ತಿ ಲಾಟ್ ತಿರಸ್ಕರಿಸಿದ್ದೇವೆ. ಜೊತೆಗೆ ಬಿಲ್ಲಿನಿಂದ 3,20,000 ಪೂರ್ತಿ ಮುರಿದುಕೊಳ್ಳುವ ಡೆಬಿಟ್ ನೋಟ್. ಇದರ ನಡುವೆ ಅವರ ಅಸೆಂಬ್ಲಿಯ ಹುಡುಗನೊಬ್ಬ ಫೋನಿನಲ್ಲಿ, 180 ಬುಷ್‌ಗಳನ್ನು ಆಗಲೇ ಸಿಲಿಂಡರಿಗೆ ಹಾಕಿ ಕಳುಹಿಸಿಯಾಗಿದೆ ಎಂದ.

ಕೇಳಿದರೆ ಪಿ.ಓ., ಅಂದರೆ ಅವರ ಖರೀದಿ ಆದೇಶದ, ಹಿಂಬದಿ ಓದಿ ಎನ್ನುತ್ತಾರೆ. ಇರುವೆ ಸಾಲಿನಂತಹ ಅಕ್ಷರದಲ್ಲಿ 23 ಷರತ್ತು. ನನಗೆ ಮುಂಬದಿಯ ದರ ಮತ್ತು ತಾರೀಖು ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ. ನಾನು ಅದಕ್ಕೆ ಸಹಿಯನ್ನೂ ಹಾಕಿಲ್ಲ. ಈ ತಿಂಗಳು ಇನ್ನೊಂದು ಪಿ.ಓ. ಬಂದು ಮೇಜಿನ ಮೇಲೆ ಕೂತಿದೆ. ಏನು ಮಾಡಲಿ?

ಪೀಣ್ಯ_ಮಿಲ್ಲಿಂಗ್

ಸಹಿ ಇಲ್ಲ ಎಂದ ಮೇಲೆ ಷರತ್ತೂ ಇಲ್ಲ, ಹೆದರಬೇಡಿ. ಸಣ್ಣ ಉದ್ಯಮಗಳ ಎಂ.ಎಸ್.ಎಂ.ಇ. ಕಾಯ್ದೆಯಲ್ಲಿ 15 ದಿನಗಳೊಳಗೆ ಲಿಖಿತ ತಕರಾರು ಬರದಿದ್ದರೆ ಮಾಲು ಒಪ್ಪಿದಂತೆ. 41 ದಿನ ಸುಮ್ಮನಿದ್ದವರು ಈಗ ಬಾಯಿ ತೆರೆಯುವಂತಿಲ್ಲ. ನೇರವಾಗಿ ಎಂ.ಎಸ್.ಎಂ.ಇ. ಸಚಿವಾಲಯದ ಪೋರ್ಟಲ್‌ನಲ್ಲಿ ದೂರು ಹಾಕಿ, ಬಡ್ಡಿ ಸಮೇತ ಹಣ ಬರುತ್ತದೆ.

ಕಾಗದಪತ್ರ

ಮಿಲ್ಲಿಂಗ್ ಅವರು ಹೇಳಿದ್ದರಲ್ಲಿ ಅರ್ಧ ಸರಿ, ಅರ್ಧ ಅಪಾಯ. ನಾನು ಖರೀದಿ ವಿಭಾಗದಲ್ಲಿ 22 ವರ್ಷ ಇದ್ದವನು. ಇಂತಹ ಷರತ್ತುಗಳನ್ನು ಬರೆಯುವ ಮೇಜಿನ ಆ ಬದಿಯಲ್ಲಿ ಕೂತಿದ್ದೆ, ಆ ಪಾಪ ಸ್ವಲ್ಪ ಕಳೆಯಲಿ.

ಮೊದಲು ಸಹಿಯ ಮಾತು. ಪಿ.ಓ. ಕೈಗೆ ಬಂದ ಮೇಲೆ ಅದರಂತೆ ಮಾಲು ಮಾಡಿ ಕಳುಹಿಸಿದರೆ, ಆ ಕೆಲಸವೇ ಒಪ್ಪಿಗೆಯಾಗುತ್ತದೆ. 1872ರ ಕರಾರು ಅಧಿನಿಯಮದ 8ನೇ ಕಲಂ ಇದನ್ನೇ ಹೇಳುತ್ತದೆ. ಆದ್ದರಿಂದ ಆ 23 ಷರತ್ತು ನಿಮ್ಮ ಹೆಗಲ ಮೇಲೆ ಇವೆ ಎಂದೇ ಇಟ್ಟುಕೊಂಡು ಮುಂದುವರಿಯಿರಿ.

ಇನ್ನು 15 ದಿನ. 2006ರ ಆ ಎಂ.ಎಸ್.ಎಂ.ಇ. ಕಾಯ್ದೆಯ ಪ್ರಕಾರ ಮಾಲು ತಲುಪಿ 15 ದಿನಗಳೊಳಗೆ ಲಿಖಿತ ಆಕ್ಷೇಪ ಬರದಿದ್ದರೆ, ತಲುಪಿದ ದಿನವೇ ಒಪ್ಪಿಕೊಂಡ ದಿನ. ಪಿ.ಓ.ದಲ್ಲಿ ಎಷ್ಟೇ ದಿನದ ವಾಯಿದೆ ಬರೆದಿದ್ದರೂ ಅಲ್ಲಿಂದ 45 ದಿನ ಮೀರುವಂತಿಲ್ಲ. ನಿಮ್ಮ ಲೆಕ್ಕದಲ್ಲಿ ಅದು ಜುಲೈ 18. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳಿಗೊಮ್ಮೆ ಚಕ್ರಬಡ್ಡಿ. ಆದರೆ ಈ ಗಡಿಯಾರ ಓಡುವುದು ಹಣ ಕೊಡುವ ದಿನವನ್ನು ಗೊತ್ತು ಮಾಡಲು. ಮಾಲಿನಲ್ಲಿ ನಿಜವಾಗಿ ದೋಷವಿದ್ದರೆ ಅದನ್ನು ಅಳಿಸಿಹಾಕಲು ಅಲ್ಲ. ಪೋರ್ಟಲ್ ದೂರು ವಿಚಾರಿಸುವ ಮಂಡಳಿಯ ಮುಂದೆ ಹೋದರೆ ಅವರು ದೋಷದ ಪ್ರತಿವಾದ ಹೂಡಿಯೇ ಹೂಡುತ್ತಾರೆ.

ಒಂದು ಪ್ರಶ್ನೆ: ನಿಮ್ಮ ಉದ್ಯಮ್ ನೋಂದಣಿಯ ತಾರೀಖು ಪಿ.ಓ. ತಾರೀಖಿಗಿಂತ ಹಿಂದಿನದೇ? ನಂತರದ್ದಾದರೆ ಮೊದಲ ತಗಾದೆ ಅಲ್ಲಿಂದಲೇ ಏಳುತ್ತದೆ. ಪರಿಶೀಲನೆ ಮತ್ತು ಖಾತರಿಯ ಎರಡು ಷರತ್ತುಗಳನ್ನು ಇಲ್ಲಿ ಹಾಕಿ. ಉಳಿದ 21 ಸದ್ಯಕ್ಕೆ ಬೇಡ.

ಉದ್ಯಮಬಾಗ_ಲೇತ್

ನೋಂದಣಿ 2021ರದ್ದು ಸರ್, ಪಿ.ಓ. ಈ ವರ್ಷದ್ದು. ಮಗಳ ಕೈಯಲ್ಲಿ ಓದಿಸಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಷರತ್ತು 9: ಮಾಲಿನ ಅಂತಿಮ ಪರಿಶೀಲನೆ ಖರೀದಿದಾರರ ಕಾರ್ಖಾನೆಯಲ್ಲಿ, ಅವರ ಗುಣಮಟ್ಟ ಕೈಪಿಡಿಯ ಸ್ಯಾಂಪ್ಲಿಂಗ್ ಪ್ರಕಾರ. ಪರಿಶೀಲಿಸಿದ್ದು, ಹಣ ಕೊಟ್ಟದ್ದು ಅಥವಾ ಮಾಲು ಬಳಸಿದ್ದು ಸ್ವೀಕಾರ ಎನಿಸುವುದಿಲ್ಲ.

ಷರತ್ತು 11: ಮಾಲು ವಿನ್ಯಾಸ, ಸಾಮಗ್ರಿ, ಕೆಲಸಗಾರಿಕೆಯ ದೋಷಗಳಿಲ್ಲದ್ದು ಮತ್ತು ಖರೀದಿದಾರರ ಉದ್ದೇಶಕ್ಕೆ ತಕ್ಕದ್ದು ಎಂದು ಸರಬರಾಜುದಾರನ ಖಾತರಿ, ರವಾನೆಯಿಂದ 18 ತಿಂಗಳು ಅಥವಾ ಯಂತ್ರ ಚಾಲೂ ಆದಾಗಿನಿಂದ 12 ತಿಂಗಳು, 'ವಿಚೆವರ್ ಈಸ್ ಲೇಟರ್'.

ಆ ಕೈಪಿಡಿಯನ್ನು ನಾನು ಕಂಡೇ ಇಲ್ಲ.

ಚನ್ನಪಟ್ಟಣ_ಅರಗು

ನಮ್ಮದು ಮರದ ಆಟಿಕೆ, ರಫ್ತು ಮಾಡುತ್ತೇವೆ. ನಮ್ಮಲ್ಲಿಗೆ ಖರೀದಿದಾರರ ಏಜೆನ್ಸಿಯವರೇ ಬಂದು, ಪೆಟ್ಟಿಗೆ ಒಡೆದು ನೋಡಿ, ಪಾಸ್ ಎಂದು ಪ್ರಮಾಣಪತ್ರ ಕೊಟ್ಟು ಹೋಗಿದ್ದರು. ಎರಡು ತಿಂಗಳಾದ ಮೇಲೆ ಅರಗಿನ ಬಣ್ಣ ಕೈಗೆ ಹತ್ತುತ್ತದೆ ಎಂದು ಬಿಲ್ಲಿನಲ್ಲಿ ಮುರಿದುಕೊಂಡರು. ಪ್ರಮಾಣಪತ್ರ ತೋರಿಸಿದರೆ, ತಪಾಸಣೆ ನಡೆದದ್ದು ನಿಮ್ಮನ್ನು ಹೊಣೆಯಿಂದ ಬಿಡಿಸುವುದಿಲ್ಲ ಎಂಬ ಸಾಲು ತೋರಿಸಿದರು. ನೀವು ಮಾಲು ಹೊರಡುವ ಮೊದಲೇ ಅವರನ್ನು ಕರೆಸಿ ತಪಾಸಣೆ ಮಾಡಿಸಿ.

ಕಾಗದಪತ್ರ

ಮೇಡಂ, ನಿಮ್ಮ ಸಾಲೇ ಇವರ ಷರತ್ತು 9ರಲ್ಲಿಯೂ ಕೂತಿದೆ. ಕರೆಸಿ ತೋರಿಸಿದರೂ ಆ ಸಾಲು ಇರುವವರೆಗೆ ಉಪಯೋಗ ಕಡಿಮೆ.

ಲೇತ್ ಅವರೇ, 180 ಬುಷ್‌ಗಳ ವಿಷಯ ನಿಮ್ಮ ಗಟ್ಟಿ ಕಾಲು. 1930ರ ಸರಕು ಮಾರಾಟ ಅಧಿನಿಯಮದ 42ನೇ ಕಲಂ ಪ್ರಕಾರ, ಮಾರಿದವನ ಒಡೆತನಕ್ಕೆ ಹೊಂದದ ಕೆಲಸವನ್ನು ಖರೀದಿದಾರ ಮಾಲಿನ ಮೇಲೆ ಮಾಡಿದರೆ ಅದು ಸ್ವೀಕಾರ. ಸಿಲಿಂಡರಿಗೆ ಹಾಕಿ ಮಾರಿದ್ದು ಅದಲ್ಲದೆ ಇನ್ನೇನು? ಒಡೆದು ನೋಡಲಾಗದ ಒಂದೇ ಕರಾರಿನಲ್ಲಿ ಒಂದು ಭಾಗ ಒಪ್ಪಿದರೂ ಉಳಿದದ್ದನ್ನು ತಿರಸ್ಕರಿಸುವ ಹಕ್ಕು ಹೋಗುತ್ತದೆ, ಪರಿಹಾರ ಕೇಳುವ ಹಕ್ಕು ಮಾತ್ರ ಉಳಿಯುತ್ತದೆ ಎಂದು 13ನೇ ಕಲಂ. ಅಂದರೆ ಮಾಲನ್ನೂ ಇಟ್ಟುಕೊಂಡು, ಬೆಲೆಯನ್ನೂ ಪೂರ್ತಿ ಮುರಿಯುವ ಹಾಗಿಲ್ಲ; ಆದ ನಷ್ಟದಷ್ಟು ಕಡಿಮೆ ಕೊಡಬಹುದು.

ಆದರೆ ಇದೇ ಅಧಿನಿಯಮ, ಕರಾರಿನಲ್ಲಿ ಬೇರೆ ಮಾತಿದ್ದರೆ ಅದಕ್ಕೆ ದಾರಿ ಬಿಡುತ್ತದೆ. ನಿಮ್ಮ ಷರತ್ತು 9 ಬಳಸಿದರೂ ಸ್ವೀಕಾರವಲ್ಲ ಎನ್ನುತ್ತದೆ. ಮಾರಿ ಹಣ ಎಣಿಸಿಕೊಂಡದ್ದಕ್ಕೂ ಆ ಮಾತು ಹೊದಿಕೆಯಾಗುತ್ತದೆಯೇ ಎಂಬುದು ವಕೀಲರು ಕಾದಾಡುವ ಜಾಗ. ನಾನು ಆಗುವುದಿಲ್ಲ ಎನ್ನುವವನು, ಎದುರು ವಕೀಲರು ಆಗುತ್ತದೆ ಎನ್ನುತ್ತಾರೆ. ಏನೇ ಆದರೂ, ಕೈಯಲ್ಲಿಲ್ಲದ 180 ಬುಷ್‌ಗಳ 1,15,200 ರೂಪಾಯಿಯನ್ನೂ ಸೇರಿಸಿ ಡೆಬಿಟ್ ಹಾಕಿದ್ದು ಅವರ ಕಾಗದದ ದೊಡ್ಡ ತೂತು. ಹುಡುಗ ಹೇಳಿದ ಮಾತು ನಡೆಯದು. 500ರಲ್ಲಿ ಎಷ್ಟು ಸ್ಟೋರಿನಲ್ಲಿವೆ, ವಾಪಸು ಯಾವಾಗ ಕಳುಹಿಸುತ್ತೀರಿ ಎಂದು ಇಂದೇ ಮೇಲ್‌ನಲ್ಲಿ ಕೇಳಿ. ಉತ್ತರ ಏನೇ ಬಂದರೂ ನಿಮಗೆ ಲಾಭ.

ಗೇಜ್_ರೂಂ

ಕಾನೂನು ಅವರಿಗೆ ಬಿಟ್ಟೆ. ಬೋರ್ ಎಷ್ಟು ದೊಡ್ಡದು? ಡ್ರಾಯಿಂಗ್‌ನಲ್ಲಿ ಎಷ್ಟಿದೆ? ಅದನ್ನು ಯಾರೂ ಕೇಳಲೇ ಇಲ್ಲವಲ್ಲ.

ಉದ್ಯಮಬಾಗ_ಲೇತ್

50 H7, ಅಂದರೆ 50.000ದಿಂದ 50.025 ಮಿ.ಮೀ. ಅವರ ವರದಿಯಲ್ಲಿ ಒಂದು 50.029, ಇನ್ನೊಂದು 50.033. ಕೈಪಿಡಿ ಕೇಳಿದ್ದಕ್ಕೆ ನಿನ್ನೆ ಕಳುಹಿಸಿದರು. ಅದರಲ್ಲಿ 'ಎ.ಕ್ಯೂ.ಎಲ್. 1.0, ಎರಡನೇ ಮಟ್ಟ' ಎಂದಿದೆ.

ಗೇಜ್_ರೂಂ

ಹಾಗಾದರೆ ಕೇಳಿ. ಎ.ಕ್ಯೂ.ಎಲ್. ಎಂದರೆ ಲಾಟಿನಲ್ಲಿ ಎಷ್ಟು ದೋಷ ಸಹಿಸಬಹುದು ಎಂಬ ಮಿತಿ. 500ರ ಲಾಟಿಗೆ ಅದರ ಸ್ಯಾಂಪ್ಲಿಂಗ್ ಕೋಷ್ಟಕದಲ್ಲಿ ಸ್ಯಾಂಪಲ್ 50. ಒಂದು ಕೆಟ್ಟರೆ ಲಾಟ್ ಪಾಸ್, ಎರಡು ಕೆಟ್ಟರೆ ಪೂರ್ತಿ ಲಾಟ್ ಹೊರಗೆ. ನಿಮ್ಮ 3,20,000 ನಿಂತಿರುವುದು ಆ 50.029ರ ಮೇಲೆ. ಅದು ಮಿತಿ ಮೀರಿದ್ದು ನಾಲ್ಕೇ ಮೈಕ್ರಾನ್.

ಅಳತೆಯ ನಿಯಮಿತ ತಾಪಮಾನ 20 ಡಿಗ್ರಿ. ಎಲ್ಲವೂ ಒಂದೇ ಬಿಸಿಯಲ್ಲಿದ್ದರೆ ಉಕ್ಕಿನ ಬುಷ್, ಉಕ್ಕಿನ ರಿಂಗ್ ಜೊತೆಜೊತೆಗೆ ಹಿಗ್ಗುತ್ತವೆ, ತೊಂದರೆಯಿಲ್ಲ. ಆದರೆ ಬುಷ್ ಬಿಸಿಲಿನ ಶೆಡ್ಡಿನಿಂದ ಬಂದು, ಗೇಜನ್ನು ಹೊಂದಿಸುವ ರಿಂಗ್ ಎ.ಸಿ. ಕೋಣೆಯಲ್ಲಿ ತಣ್ಣಗೆ ಕೂತಿದ್ದರೆ? 50 ಮಿ.ಮೀ. ಉಕ್ಕಿಗೆ ಹತ್ತು ಡಿಗ್ರಿ ಅಂತರವೆಂದರೆ ಸುಮಾರು ಆರು ಮೈಕ್ರಾನ್. ನಾಲ್ಕು ಮೈಕ್ರಾನ್ ಅದರೊಳಗೆ ನುಂಗಿಹೋಗುತ್ತದೆ. 50.033 ಮಾತ್ರ ಹಾಗೆ ಹೋಗುವುದಿಲ್ಲ, ಅದು ನಿಮ್ಮದೇ ತಪ್ಪು ಎಂದು ಒಪ್ಪಿಕೊಳ್ಳಿ. ಬಹುಶಃ ಇನ್ಸರ್ಟ್ ಬದಲಿಸಿದ ಮೇಲಿನ ಮೊದಲ ಪೀಸು.

ಆ ಎರಡು ಬುಷ್‌ಗಳನ್ನು ಗುರುತು ಹಾಕಿ ತೆಗೆದಿಡಲು ಹೇಳಿ, ಗುಜರಿಗೆ ಹಾಕಲು ಬಿಡಬೇಡಿ. ಐವತ್ತರ ಅಳತೆಗಳನ್ನೂ ರಿಂಗಿನ ಕ್ಯಾಲಿಬ್ರೇಷನ್ ಪತ್ರವನ್ನೂ ಕೇಳಿ. ಜಂಟಿ ಅಳತೆಗೆ ಹೋದಾಗ ಬುಷ್ ಮತ್ತು ರಿಂಗ್ ಒಂದೇ ಕಲ್ಲಿನ ಮೇಲೆ ರಾತ್ರಿಯಿಡೀ ಜೊತೆಗಿರಲಿ, ಬೆಳಿಗ್ಗೆ ಅಳೆಯಿರಿ.

ಪೀಣ್ಯ_ಮಿಲ್ಲಿಂಗ್

ಸಹಿಯ ವಿಷಯದಲ್ಲಿ ನಾನು ತಪ್ಪಿದೆ. ಆದರೂ ಪೋರ್ಟಲ್‌ನ ದೂರು ಬೆನ್ನಿಗಿರಲಿ ಎನ್ನುತ್ತೇನೆ.

ಕಾಗದಪತ್ರ

ಇರಲಿ, ಆದರೆ ಜಂಟಿ ಅಳತೆಯ ನಂತರ. ದೂರು ಬಿದ್ದ ದಿನ ಹೊಸ ಪಿ.ಓ. ಮೇಜಿನಿಂದ ಎದ್ದು ಹೋಗುತ್ತದೆ. ಕಾನೂನು ಅಲ್ಲ, ಅನುಭವ ಹೇಳುತ್ತಿದ್ದೇನೆ.

ಆ ಹೊಸ ಪಿ.ಓ.ಕ್ಕೆ ಬರೋಣ. 'ಲೇಟರ್' ಎಂದರೆ ಎರಡು ತಾರೀಖುಗಳಲ್ಲಿ ತಡವಾಗಿ ಬರುವುದು. ನೀವು 2025ರ ಜೂನ್ 3ಕ್ಕೆ ಕಳುಹಿಸಿದ ಬುಷ್ ಎರಡು ವರ್ಷ ಅವರ ಸ್ಟೋರಿನಲ್ಲಿ ಧೂಳು ತಿಂದು, 2027ರ ಜೂನ್‌ನಲ್ಲಿ ಯಂತ್ರ ಚಾಲೂ ಆದರೆ, ನಿಮ್ಮ ಖಾತರಿ 2028ರ ಜೂನ್‌ವರೆಗೆ ಎಳೆಯುತ್ತದೆ. ಎಷ್ಟು ತಡವಾಗಿ ಚಾಲೂ ಮಾಡುತ್ತಾರೋ ಅಷ್ಟು ಉದ್ದ. ಅದೇ ಜಾಗದಲ್ಲಿ 'ಅರ್ಲಿಯರ್' ಎಂದಿದ್ದರೆ 2026ರ ಡಿಸೆಂಬರ್ 3ಕ್ಕೆ ಎಲ್ಲ ಮುಗಿಯುತ್ತದೆ. ಒಂದೇ ಪದ ಬದಲಿಸಿ ಎಂದು ಕೇಳಿ. ನಾವೂ ಕೇಳಿದವರಿಗೆ ಬದಲಿಸಿಕೊಡುತ್ತಿದ್ದೆವು, ಕೇಳುವವರೇ ಇರಲಿಲ್ಲ.

ಎರಡನೆಯದು 'ವಿನ್ಯಾಸ'. ಡ್ರಾಯಿಂಗ್ ಅವರದ್ದು, ನೀವು ಅದರಂತೆ ಕೊರೆದವರು. ಡ್ರಾಯಿಂಗ್‌ನಲ್ಲಿಯೇ ತಪ್ಪಿದ್ದು ಸೋರಿದರೂ ಈಗಿನ ಸಾಲಿನಂತೆ ನೀವೇ ಹೊಣೆ. ಆ ಪದವನ್ನೂ 'ಖರೀದಿದಾರರ ಉದ್ದೇಶಕ್ಕೆ' ಎಂಬುದನ್ನೂ ತೆಗೆದು 'ಡ್ರಾಯಿಂಗ್‌ಗೆ ಅನುಗುಣವಾದ ಮಾಲು' ಎಂದು ಹಾಕಿಸಿ. ಷರತ್ತು 9ಕ್ಕೆ ಒಂದು ವಾಕ್ಯ ಸೇರಿಸಲು ಕೇಳಿ: 15 ದಿನಗಳಲ್ಲಿ ಲಿಖಿತ ವರದಿ ಬರದಿದ್ದರೆ ಅಳತೆಗೆ ಸಂಬಂಧಿಸಿದಂತೆ ಮಾಲು ಸ್ವೀಕೃತ. ಸಾಮಗ್ರಿಯ ಒಳದೋಷವನ್ನು ಅದರಿಂದ ಹೊರಗಿಡಿ, ಇಲ್ಲದಿದ್ದರೆ ಯಾರೂ ಒಪ್ಪುವುದಿಲ್ಲ. ಈ ಬದಲಾವಣೆಗಳ ಮೇಲ್ ಮೊದಲ ಚಿಪ್ ಬೀಳುವ ಮುನ್ನ ಹೋಗಬೇಕು, ಉತ್ತರವೂ ಬರಬೇಕು. ಮಾಲು ಹೋದ ಮೇಲೆ ಬರೆದರೆ ಅದು ಬರೀ ಪತ್ರ.

ಉದ್ಯಮಬಾಗ_ಲೇತ್

ಹೋಗಿ ಬಂದೆ. ಬುಷ್ ಮತ್ತು ರಿಂಗನ್ನು ರಾತ್ರಿ ಒಟ್ಟಿಗೆ ಇಡಿಸಿ ಬೆಳಿಗ್ಗೆ ಅಳೆದಾಗ ಮೊದಲನೆಯದು 50.024 ಬಂತು. ಎರಡನೆಯದು 50.032, ಅದು ನನ್ನದೇ. ಅವರ ಕ್ವಾಲಿಟಿಯ ಹುಡುಗಿ ಮೂರು ಸಲ ಅಳೆದು ಹಾಳೆಗೆ ಸಹಿ ಮಾಡಿದಳು. ಸ್ಟೋರಿನಲ್ಲಿ 320 ಇವೆ ಎಂದೂ ಬರೆದುಕೊಟ್ಟರು. ಆದರೆ ಮೇಲಿನವರು, 50.024 ಮಿತಿಯ ಅಂಚಿನಲ್ಲಿದೆ, ಉಳಿದ 320ನ್ನೂ ನೀವೇ ಬಂದು ಒಂದೊಂದಾಗಿ ಅಳೆದುಕೊಟ್ಟರೆ ಡೆಬಿಟ್ ವಾಪಸು ಎನ್ನುತ್ತಿದ್ದಾರೆ. ಎರಡು ದಿನದ ಕೆಲಸ.

ಹೊಸ ಪಿ.ಓ.ದಲ್ಲಿ 'ಅರ್ಲಿಯರ್' ಎಂದು ತಿದ್ದಿ ಕಳುಹಿಸಿದರು. 'ವಿನ್ಯಾಸ' ತೆಗೆಯಲು ಮಾತ್ರ ಮುಖ್ಯ ಕಚೇರಿಯ ಒಪ್ಪಿಗೆ ಬೇಕಂತೆ.

ಗೇಜ್_ರೂಂ

ಅಳೆಯಲು ಹೋಗಿ, ಆದರೆ ನಿಮ್ಮ ಪ್ಲಗ್ ಗೇಜ್ ತೆಗೆದುಕೊಂಡು ಹೋಗಿ. 320ಕ್ಕೂ ಬೋರ್ ಗೇಜ್ ಹಿಡಿದು ಕೂತರೆ ಎರಡು ದಿನ ಸಾಲದು.

ಕಾಗದಪತ್ರ

ಹೋಗುವ ಮೊದಲು, ಡೆಬಿಟ್ ವಾಪಸು ಎಂಬ ಮಾತು ಮೇಲ್‌ನಲ್ಲಿ ಬಂದಿದೆಯೇ, ಬಾಯಲ್ಲಿ ಬಂದಿದೆಯೇ?

ಉದ್ಯಮಬಾಗ_ಲೇತ್

ಬಾಯಲ್ಲಿ, ಸರ್. ಈಗಲೇ ಮೇಲ್ ಬರೆಸುತ್ತೇನೆ, ಮಗಳು ಕಾಲೇಜಿನಿಂದ ಬರಲಿ.