ಓದುಗರ ಸ್ಪಂದನ: ಸುತ್ತ ನಿಂತವರಿಗೆ ಕೆಲಸ ಹೇಳು

ಕಳೆದ ಸಂಚಿಕೆಯ ಸಮಸ್ಯೆ: ನಾನು ಶಾಲೆಯ ಪ್ರಿಫೆಕ್ಟ್. ಅಸೆಂಬ್ಲಿಯಲ್ಲಿ ಬುಲ್ಲಿಯಿಂಗ್ ಬಗ್ಗೆ ಐದು ನಿಮಿಷ ಮಾತಾಡಬೇಕು. ‘ಕಾಟ ಕೊಡುವವರು ತಿದ್ದಿಕೊಳ್ಳಿ, ಕಾಟಕ್ಕೆ ಸಿಕ್ಕವರು ಧೈರ್ಯ ತಂದುಕೊಳ್ಳಿ, ನೋಡುವವರು ಸುಮ್ಮನಿರಬೇಡಿ’ ಎಂದು ಬರೆದಿದ್ದೇನೆ. ಓದಿದರೆ ನನಗೇ ಸಪ್ಪೆ ಅನಿಸುತ್ತದೆ. ನನ್ನ ಕ್ಲಾಸಿನ ಒಬ್ಬ ಹುಡುಗ ತೊದಲುತ್ತಾನೆ, ಅವನನ್ನು ಅಣಕಿಸುತ್ತಾರೆ. ಅವನ ಹೆಸರು ಹೇಳದೆ ಆ ಉದಾಹರಣೆ ಕೊಡಬಹುದೇ?

ಶಾಲಾ ಆಪ್ತಸಮಾಲೋಚಕಿಯೊಬ್ಬರು ಬರೆಯುತ್ತಾರೆ:

ನಿನ್ನ ಭಾಷಣದಲ್ಲಿ ಮೂರು ಗುಂಪಿಗೂ ಒಂದೊಂದು ಸಾಲು ಸಿಕ್ಕಿದೆ. ನನ್ನನ್ನು ಕೇಳಿದರೆ, ಮುಕ್ಕಾಲು ಭಾಗ ಸಮಯ ಮೂರನೆಯವರಿಗೇ ಕೊಡು. ಅಸೆಂಬ್ಲಿಯಲ್ಲಿ ನಿಂತವರಲ್ಲಿ ಅವರೇ ಜಾಸ್ತಿ. ಕಾಟ ಕೊಡುವವನು ಭಾಷಣ ಕೇಳಿ ಬದಲಾಗುವುದು ಅಪರೂಪ. ಅವನಿಗೆ ಬೇಕಾಗಿರುವುದು ನೋಡುವ ಜನ.

ಈ ‘ನೋಡುವವರು’ ಎಲ್ಲ ಒಂದೇ ಥರ ಅಲ್ಲ. ಫಿನ್ಲೆಂಡಿನ ಸಂಶೋಧಕಿ ಕ್ರಿಸ್ಟಿನಾ ಸಾಲ್ಮಿವಲ್ಲಿ ಮತ್ತು ಜೊತೆಗಾರರು 1996ರಲ್ಲಿ ಇವರನ್ನು ಬಿಡಿಸಿ ತೋರಿಸಿದರು. ಕೆಲವರು ಕೈ ಜೋಡಿಸುತ್ತಾರೆ. ಕೆಲವರು ನಕ್ಕು ಹುರಿದುಂಬಿಸುತ್ತಾರೆ. ಕೆಲವರು ದೂರ ಸರಿಯುತ್ತಾರೆ. ಕೆಲವರು ಕಾಟಕ್ಕೆ ಸಿಕ್ಕವರ ಪರ ನಿಲ್ಲುತ್ತಾರೆ. ಈ ಹೆಸರುಗಳನ್ನೆಲ್ಲ ವೇದಿಕೆಯಲ್ಲಿ ಒಪ್ಪಿಸಬೇಡ, ನಿದ್ದೆ ಬರುತ್ತದೆ! ಒಂದು ಘಟನೆ ಹೇಳು, ಸಾಕು.

ಕಾರಿಡಾರಿನಲ್ಲಿ ಇಬ್ಬರು ಒಬ್ಬ ಹುಡುಗನ ಬ್ಯಾಗ್ ಕಿತ್ತು ಎಸೆದಾಡುತ್ತಿದ್ದಾರೆ. ದಿನಾ ಅವನದ್ದೇ ಬ್ಯಾಗ್. ಕೊಡ್ರೋ ಎಂದು ಅವನು ಅತ್ತಿತ್ತ ಓಡುತ್ತಾನೆ. ಮೂವರು ನಗುತ್ತಾರೆ. ಉಳಿದವರು ಗೋಡೆ ಬದಿಯಿಂದ ದಾಟಿ ಹೋಗುತ್ತಾರೆ. ಇದು ತಮಾಷೆ ಅಲ್ಲವೆಂದು ಹೇಗೆ ಗೊತ್ತಾಗುತ್ತದೆ? ಮತ್ತೆ ಮತ್ತೆ ನಡೆಯುತ್ತದೆ, ಬೇಕೆಂದೇ ಮಾಡುತ್ತಾರೆ, ಅವನಿಗೆ ಎದುರು ನಿಲ್ಲುವ ಬಲ ಇಲ್ಲ. ಒಂದು ದಿನವೂ ಸರದಿ ತಿರುಗಿ ಇವನು ಅವರ ಬ್ಯಾಗ್ ಎಸೆಯುವುದಿಲ್ಲ, ಅಲ್ವಾ?

ಈಗ ಒಬ್ಬೊಬ್ಬರಿಗೂ ಕೆಲಸ ಹಂಚು. ಬ್ಯಾಗ್ ನಿನ್ನ ಕೈಗೆ ಬಂತೇ? ಮುಂದಕ್ಕೆ ಎಸೆಯಬೇಡ, ಅವನ ಕೈಗೆ ಕೊಡು. ನಗುವವರ ಮಧ್ಯೆ ನಿಂತಿದ್ದೀಯಾ? ನಗು ನಿಲ್ಲಿಸಿ ಅಲ್ಲಿಂದ ನಡೆ. ದಾಟಿ ಹೋಗುತ್ತಿದ್ದೀಯಾ? ಕಾಟ ಕೊಡುವವನ ಜೊತೆ ಮಾತೇ ಬೇಡ. ‘ಬಾರೋ, ಲ್ಯಾಬ್‌ಗೆ ಲೇಟಾಯ್ತು’ ಎಂದು ಆ ಹುಡುಗನನ್ನು ಕರೆದುಕೊಂಡು ಹೋಗು. ಹೊಡೆದಾಟ ಆಗುತ್ತಿದ್ದರೆ ಮಾತ್ರ ಮಧ್ಯೆ ಹೋಗದೆ ಟೀಚರನ್ನು ಕರೆ ಎಂದು ಸ್ಪಷ್ಟವಾಗಿ ಹೇಳು.

ಇದರಿಂದ ಏನಾಗುತ್ತದೆ ಎಂದು ಯಾರಾದರೂ ಕೇಳಿದರೆ ಕೆನಡಾದ ಒಂದು ಅಧ್ಯಯನ ನೆನಪಿಡು. ಶಾಲಾ ಮೈದಾನದ ದೃಶ್ಯಗಳನ್ನು ಕ್ಯಾಮೆರಾದಲ್ಲಿ ಹಿಡಿದು ನೋಡಿ, 2001ರಲ್ಲಿ ಪ್ರಕಟಿಸಿದರು. ನೂರಕ್ಕೆ 88 ಘಟನೆಗಳಲ್ಲಿ ಬೇರೆ ಮಕ್ಕಳು ಹತ್ತಿರವೇ ಇದ್ದರು. ಅವರು ಮಧ್ಯೆ ಬಂದದ್ದು 19ರಲ್ಲಿ ಮಾತ್ರ. ಹಾಗೆ ಬಂದಾಗ ಅರ್ಧಕ್ಕಿಂತ ಹೆಚ್ಚು ಸಲ 10 ಸೆಕೆಂಡಿನೊಳಗೆ ಕಾಟ ನಿಂತಿತ್ತು. ಎಲ್ಲ ಸಲವೂ ನಿಲ್ಲಲಿಲ್ಲ ಅನ್ನುವುದನ್ನೂ ಮುಚ್ಚಿಡಬೇಡ. ಅಂಥ ಕಡೆ ದೊಡ್ಡವರು ಬೇಕೇ ಬೇಕು.

ಒಬ್ಬ ತಾಯಿ:

ಮಗೂ, ಆ ಹುಡುಗನ ಉದಾಹರಣೆ ದಯವಿಟ್ಟು ಬೇಡ. ಹೆಸರು ಬಿಟ್ಟರೂ ‘ತೊದಲು’ ಎಂದ ತಕ್ಷಣ ಇಡೀ ಸಾಲು ಅವನ ಕಡೆ ತಿರುಗುತ್ತದೆ. ಮಧ್ಯಾಹ್ನದೊಳಗೆ ನಿನ್ನ ಭಾಷಣವನ್ನೇ ಅವನೆದುರು ಅಣಕಿಸುತ್ತಾರೆ. ‘ಧೈರ್ಯ ತಂದುಕೊಳ್ಳಿ’ ಎನ್ನುವ ಸಾಲನ್ನೂ ತೆಗೆ. ಕಾಟ ಅನುಭವಿಸುವ ಮಗುವಿಗೆ ಅದು ‘ನಿನಗೆ ಧೈರ್ಯವಿಲ್ಲ, ಅದಕ್ಕೇ ಹೀಗಾಯ್ತು’ ಎಂದು ಕೇಳಿಸುತ್ತದೆ. ಇದು ನಿನ್ನ ತಪ್ಪಲ್ಲ, ಇಂಥವರಿಗೆ ಹೇಳಬಹುದು ಎಂದಷ್ಟೇ ಹೇಳು. ನನ್ನ ಮಗಳು ಏಳನೇ ಕ್ಲಾಸಿನಲ್ಲಿ ಇದನ್ನೆಲ್ಲ ಪಟ್ಟಳು. ಅವಳಿಗೆ ಯಾರೂ ಜಗಳಕ್ಕೆ ನಿಲ್ಲುವುದು ಬೇಕಿರಲಿಲ್ಲ. ಆಮೇಲೆ ಬಂದು ಪಕ್ಕ ಕೂತು, ನಡೆದದ್ದನ್ನು ಎತ್ತದೆ ಲೆಕ್ಕದ ಹೋಂವರ್ಕ್ ಕೇಳಿದ ಹುಡುಗಿಯನ್ನು ಇವತ್ತಿಗೂ ನೆನೆಯುತ್ತಾಳೆ.

ಹಿಂದೆ ಪ್ರಿಫೆಕ್ಟ್ ಆಗಿದ್ದ ಕಾಲೇಜು ವಿದ್ಯಾರ್ಥಿ:

ಮೇಲಿನವರು ಬಿಟ್ಟ ಒಂದು ವಿಷಯ: ಭಾಷಣ ಮುಗಿದ ದಿನವೇ ಯಾರಾದರೂ ನಿನ್ನ ಹತ್ತಿರ ಬರಬಹುದು. ‘ಯಾರಿಗೂ ಹೇಳಲ್ಲ’ ಎಂದು ಮಾತು ಕೊಡಬೇಡ. ‘ನಾನೊಬ್ಬಳೇ ಇದನ್ನು ಸರಿಮಾಡಲಾರೆ, ಯಾವ ಟೀಚರ್ ಹತ್ತಿರ ಹೋಗೋಣ ಹೇಳು’ ಎಂದು ಕೇಳು. ಕಾಟ ಕೊಟ್ಟವನನ್ನೂ ಸಿಕ್ಕವನನ್ನೂ ಎದುರುಬದುರು ಕೂರಿಸಿ ರಾಜಿ ಮಾಡಿಸಲು ಹೋಗಬೇಡ. ಸಮಬಲದವರ ಜಗಳಕ್ಕೆ ರಾಜಿ ಸರಿ. ಇಲ್ಲಿ ಒಬ್ಬ ಹೆದರಿ ತಲೆಯಾಡಿಸುತ್ತಾನೆ, ಅಷ್ಟೆ.

ಇನ್ನು ಚಾಡಿ ಅನ್ನೋ ಭಯ. ಒಬ್ಬರಿಗೆ ಶಿಕ್ಷೆಯಾಗಲಿ ಎಂದು ಹೇಳುವುದು ಚಾಡಿ, ಒಬ್ಬರನ್ನು ಬಿಡಿಸಲು ಹೇಳುವುದು ಸಹಾಯ ಎಂದು ಹೇಳಿದರೆ ಚಿಕ್ಕ ಮಕ್ಕಳಿಗೂ ತಿಳಿಯುತ್ತದೆ. ಯಾರ ಹತ್ತಿರ, ಯಾವ ರೂಮಿಗೆ, ಯಾವ ಪೀರಿಯಡ್‌ನಲ್ಲಿ ಹೋಗಬೇಕು ಎಂಬುದನ್ನು ಮೊದಲೇ ಟೀಚರ್ ಜೊತೆ ಗೊತ್ತುಮಾಡಿಕೊಂಡು ವೇದಿಕೆ ಹತ್ತು.