ಪದಚರ್ಚೆ: ‘ಕೊನೆಯ ಸಂಬಳ’ ಅಂದ್ರೆ ಯಾವ ಸಂಬಳ?

ಗೆಳೆಯರೇ,

ರಾಜೀನಾಮೆ ಕೊಟ್ಟಾಯ್ತು, ಈಗ ಪಿಂಚಣಿಗೆ ಅರ್ಜಿ ಹಾಕಬೇಕು. ಎಚ್‌ಆರ್‌ನವರಿಗೆ ಕನ್ನಡದಲ್ಲೇ ಮೇಲ್ ಬರೆದೆ: ‘ಪಿಂಚಣಿ ಅರ್ಜಿಗಾಗಿ ನನ್ನ ಸೇವಾ ಪ್ರಮಾಣಪತ್ರ ಮತ್ತು ನಾನು ಪಡೆದ ಕೊನೆಯ ಸಂಬಳದ ವಿವರ ಕೊಡಿ.’ ಬಂದದ್ದು ಕೊನೆಯ ತಿಂಗಳ ಪೇ ಸ್ಲಿಪ್. ನಾನು ಕೆಲಸ ಬಿಟ್ಟದ್ದು 30 ದಿನದ ತಿಂಗಳ 18ನೇ ತಾರೀಕು. ಹಾಗಾಗಿ ಅದರಲ್ಲಿ ಮೂಲ ವೇತನ 18,000 ಅಂತಿದೆ, ಉಳಿದ ರಜೆಯ ದುಡ್ಡೂ ಸೇರಿಕೊಂಡಿದೆ. ಪೂರ್ತಿ ತಿಂಗಳಿಗಾದರೆ ಮೂಲ ವೇತನ 30,000. ನನ್ನ ಅರ್ಜಿಗೆ ಬೇಕಾದದ್ದು ಆ ಅಂಕಿ. ಯಾವ ಪದ ಬಳಸಿದ್ದರೆ ಸರಿಹೋಗುತ್ತಿತ್ತು?

ಗ. ಬರೆದದ್ದು:
‘ಅಂತಿಮ ವೇತನ ಪ್ರಮಾಣಪತ್ರ’ ಅನ್ನಿ. ಸರ್ಕಾರಿ ಕಚೇರಿಯಲ್ಲಿ ನಾವು ಬಳಸಿದ್ದು ಇದನ್ನೇ. ಕೆಲಸ ಮುಗಿಸಿದವರಿಗೆ ಕೊಡುವ ಪತ್ರ ಅದು.

ಸು. ಬರೆದದ್ದು:
ಅನುಭವ ಪತ್ರ ಸಾಕಲ್ವಾ? ನನಗೆ ಕೊಟ್ಟಿದ್ದರು, ‘ಶ್ರದ್ಧೆಯಿಂದ ದುಡಿದಿದ್ದಾರೆ’ ಅಂತ ಚೆನ್ನಾಗಿ ಬರೆದಿದ್ದರು. ಹೊಸ ಕಡೆ ತಕ್ಷಣ ಸೇರಿಸಿಕೊಂಡರು.

ಮಾ. ಬರೆದದ್ದು:
ಸು. ಅವರೇ, ಇಲ್ಲಿ ಕೇಳಿರುವುದು ಹೊಸ ಕೆಲಸಕ್ಕಲ್ಲ, ಪಿಂಚಣಿಗೆ. ಅಲ್ಲಿ ಹೊಗಳಿಕೆ ಬೇಡ, ತಾರೀಕು ಬೇಕು. ಗ. ಅವರ ಪದ ಸರಿ. ಆದರೆ ವರ್ಗವಾದಾಗಲೂ ಆ ಪತ್ರ ಕೊಡುತ್ತಾರೆ, ಹೊಸ ಕಚೇರಿ ಸಂಬಳ ಮುಂದುವರಿಸಲಿ ಅಂತ. ಖಾಸಗಿ ಎಚ್‌ಆರ್‌ನವರು ‘ಅಂತಿಮ’ ಅಂದ ತಕ್ಷಣ ಲೆಕ್ಕ ಚುಕ್ತಾ ಮಾಡಿದ ಹಾಳೆ ಕಳಿಸಿಬಿಡಬಹುದು.

ನನಗೆ ಕಾಣುವಂತೆ ಎಡವಟ್ಟು ಇರುವುದು ಕ್ರಿಯಾಪದದಲ್ಲಿ. ‘ಪಡೆದ’ ಅಂದರೆ ಒಮ್ಮೆ ಕೈಗೆ ಬಂದ ಮೊತ್ತ. ‘ಪಡೆಯುತ್ತಿದ್ದ’ ಅಂದರೆ ತಿಂಗಳ ದರ. ನಿಮಗೆ ಬೇಕಾದದ್ದು ಎರಡನೆಯದು. ‘ರಾಜೀನಾಮೆ ದಿನ’ ಅಂತಲೂ ಬರೆಯಬೇಡಿ. ಪತ್ರ ಕೊಟ್ಟ ದಿನವೋ, ಬಿಡುಗಡೆಯಾದ ದಿನವೋ ತಿಳಿಯುವುದಿಲ್ಲ. ನೋಟಿಸ್ ಅವಧಿ ಇದ್ದರೆ ಎರಡಕ್ಕೂ ತಿಂಗಳುಗಟ್ಟಲೆ ಅಂತರ ಇರುತ್ತದೆ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

‘ಪಿಂಚಣಿ ಅರ್ಜಿಗಾಗಿ ಸೇವಾ ಪ್ರಮಾಣಪತ್ರ ಬೇಕಿದೆ. ಅದರಲ್ಲಿ ಕೆಲಸಕ್ಕೆ ಸೇರಿದ ದಿನ, ಕೆಲಸದಿಂದ ಬಿಡುಗಡೆಯಾದ ದಿನ, ಸಂಬಳವಿಲ್ಲದ ರಜೆ ಇದ್ದರೆ ಅದರ ದಿನಗಳು ಇರಲಿ. ಬಿಡುಗಡೆಯ ಹೊತ್ತಿಗೆ ನಾನು ಪಡೆಯುತ್ತಿದ್ದ ಪೂರ್ತಿ ತಿಂಗಳ ಮೂಲ ವೇತನ ಮತ್ತು ಭತ್ಯೆಗಳನ್ನು ಬೇರೆ ಬೇರೆಯಾಗಿ ನಮೂದಿಸಿ, ಸಹಿ, ಮೊಹರು ಹಾಕಿ ಕೊಡಿ.’

ಕಳಿಸುವ ಮುಂಚೆ ಅರ್ಜಿ ನಮೂನೆ ನೋಡಿ. ಕೆಲವು ಯೋಜನೆಗಳು ಕೊನೆಯ ದರ ಬಿಟ್ಟು ಹಿಂದಿನ ಹಲವು ತಿಂಗಳ ಸರಾಸರಿ ಹಿಡಿಯುತ್ತವೆ. ಆಗ ತಿಂಗಳುವಾರು ಪಟ್ಟಿಯನ್ನೇ ಕೇಳಬೇಕು.

ಗ. ಬರೆದದ್ದು:
ವರ್ಗಾವಣೆಯ ಮಾತು ನಿಜ, ಮರೆತಿದ್ದೆ. ಆದರೂ ‘ಪಡೆಯುತ್ತಿದ್ದ’ ಅಂದರೆ ಯಾವಾಗಿನಿಂದ ಅನ್ನುವ ಪ್ರಶ್ನೆ ಏಳುತ್ತದೆ. ‘ವೇತನ ದರ’ ಅಂತಲೇ ಬರೆದರೆ ಏನು ತೊಂದರೆ?

ಗೆಳೆಯರೇ,
ಮಾ. ಅವರ ಒಕ್ಕಣೆಯನ್ನೇ ಇವತ್ತು ಕಳಿಸಿದೆ, ಗ. ಅವರ ‘ದರ’ವನ್ನೂ ಸೇರಿಸಿಕೊಂಡು. ಒಂದು ಉಳಿಯಿತು: ಖಾಸಗಿ ನೌಕರಿಗೆ ‘ಸೇವೆ’ ಅನ್ನುವುದು ನನಗಿನ್ನೂ ಒಗ್ಗುತ್ತಿಲ್ಲ. ‘ಕೆಲಸದ ಅವಧಿಯ ಪತ್ರ’ ಅಂದರೆ ಪಿಂಚಣಿ ಕಚೇರಿಯವರು ಒಪ್ಪುತ್ತಾರಾ?